ಕುಂಬಳೆವರೆಗೆ ಬಂದು ‘ಬರ್ಲಿಕ್ಕೆ ಕಷ್ಟ’ ಅಂತ ಮೆಸೇಜ್ ಹಾಕಿದೆ. ಹೇಗೆ ಬರೆಯಬೇಕಿತ್ತು?

ನೀರ್ಚಾಲು ಮಳೆ
ಮೊನ್ನೆ ಶನಿವಾರ ಮಂಜೇಶ್ವರದಲ್ಲಿ ಗೆಳತಿಯ ಮಗುವಿನ ಮೊದಲ ಹುಟ್ಟುಹಬ್ಬ ಇತ್ತು. ಹದಿನೈದು ಜನ, ಅಷ್ಟೇ. ಊಟ 1 ಗಂಟೆಗೆ. ಕೊಟ್ಟಿಗೆ ತರುವ ಕೆಲಸ ನನ್ನದು. ನಮ್ಮ ಕಡೆ ಒಬ್ಬರು ಅಕ್ಕ ಹಲಸಿನ ಎಲೆಯಲ್ಲಿ ಚಂದ ಮಾಡಿಕೊಡುತ್ತಾರೆ, ಅವರ ಹತ್ತಿರ 40 ಹೇಳಿದ್ದೆ. ಬೆಳಗ್ಗೆ ಬಿಸಿಬಿಸಿ ಕೊಟ್ಟಿಗೆಯನ್ನು ದೊಡ್ಡ ಸ್ಟೀಲ್ ಪಾತ್ರೆಗೆ ತುಂಬಿಸಿ, ಮೇಲಿಂದ ಬೈರಾಸು ಕಟ್ಟಿ ಬಸ್ಸು ಹತ್ತಿದೆ.

ಸೀತಾಂಗೋಳಿ ದಾಟುವಾಗ ಶುರುವಾಯಿತು. ಎದೆ ಡವಡವ, ಅಂಗೈ ಎಲ್ಲ ಬೆವರು, ಉಸಿರು ಅರ್ಧಕ್ಕೇ ನಿಂತ ಹಾಗೆ. ನನಗೆ ಇದು ಹೊಸತಲ್ಲ. ಎರಡು ವರ್ಷದಿಂದ ಉಂಟು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಗಿದೆ, ಆಂಕ್ಸೈಟಿ ಎಂದು ಡಾಕ್ಟರ್ ಹೇಳಿದ್ದಾರೆ. ಕುಂಬಳೆಯಲ್ಲಿ ಇಳಿದೆ. ತಲಪಾಡಿ ಬಸ್ಸು ಒಂದು ಹೋಯಿತು, ಇನ್ನೊಂದು ಹೋಯಿತು. ಹತ್ತಲು ಕಾಲೇ ಬರಲಿಲ್ಲ.

ಆಗ ಗಂಟೆ 11.10. ಮೆಸೇಜ್ ಬರೆಯಲು ಶುರುಮಾಡಿದೆ. ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಹೀಗೆ 20 ನಿಮಿಷ. ಅಲ್ಲಿ ಅವಳಿಗೆ ಇಡೀ ಹೊತ್ತು ನಾನು ಟೈಪ್ ಮಾಡುತ್ತಿರುವುದು ಕಾಣುತ್ತಿತ್ತಂತೆ. ಎರಡು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಕೊನೆಗೆ ಕಳಿಸಿದ್ದು ಇದು (ಇದು ಅರ್ಧ ಮಾತ್ರ, ಪೂರ್ತಿ ಹಾಕಲು ನಾಚಿಕೆ):

“ಸಾರಿ ಸಾರಿ ಸಾರಿ. ಹೇಗೆ ಹೇಳುದು ಗೊತ್ತಾಗ್ತಿಲ್ಲ. ನಾನು ಹೀಗೇ ಅಂತ ನಿಂಗೆ ಗೊತ್ತುಂಟಲ್ಲ. ಕಳೆದ ವರ್ಷ ಆಫೀಸಲ್ಲಿ ಹಾಗೆ ಆದ ಮೇಲೆ ಜನ ಸೇರುವಲ್ಲಿ ಹೋಗ್ಲಿಕ್ಕೇ ಆಗುದಿಲ್ಲ, ರಾತ್ರಿ ನಿದ್ದೆ ಇಲ್ಲ, ಮಾತ್ರೆ ಬೇರೆ ಬದಲಾಯಿಸಿದ್ದಾರೆ, ಅಮ್ಮನಿಗೂ ಅರ್ಥ ಆಗುದಿಲ್ಲ. ನಾನು ಕೆಟ್ಟ ಫ್ರೆಂಡು. ನಿಂಗೆ ಬೇಜಾರಾಯ್ತಾ? ಪ್ಲೀಸ್ ಬೇಜಾರು ಮಾಡ್ಬೇಡ. ಇವತ್ತು ಬರ್ಲಿಕ್ಕೆ ಸ್ವಲ್ಪ ಕಷ್ಟ ಆಗ್ಬಹುದು.”

ಅವಳಿಂದ ಬಂದದ್ದು ಒಂದೇ ಶಬ್ದ: “ಓಕೆ.” ಆಮೇಲೆ ಗ್ರೂಪಿನಲ್ಲಿ ಯಾರೋ “ಕೊಟ್ಟಿಗೆ ಎಲ್ಲಿಗೆ ಮುಟ್ಟಿತು?” ಎಂದು ಕೇಳಿದರು. 40 ಕೊಟ್ಟಿಗೆ ವಾಪಸ್ ಮನೆಗೆ ಬಂತು. ಎರಡು ದಿನ ಅದನ್ನೇ ತಿಂದೆವು.

ಸುಳ್ಳು ಹೇಳಲು ನನಗೆ ಮನಸ್ಸಿಲ್ಲ. ಹಾಗಂತ ಇಡೀ ಪುರಾಣ ಬಿಚ್ಚುವುದೂ ಬೇಡ. ಅಂಥ ಹೊತ್ತಿನಲ್ಲಿ ಎಷ್ಟು ಹೇಳಬೇಕು?

ಬದಿಯಡ್ಕದ ಅತ್ತೆ
ಮಗಾ, ಹೊಟ್ಟೆನೋವು ಎಂದರೆ ಮುಗಿಯಿತು. ಹೊಟ್ಟೆನೋವಿಗೆ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ. ಇಷ್ಟೆಲ್ಲ ಬರೆಯುವುದು ಯಾಕೆ? ಮತ್ತೆ ಈ ಎದೆ ಡವಡವ ನನಗೂ ಆಗುತ್ತಿತ್ತು. ಗ್ಯಾಸ್. ಊಟ ಬಿಟ್ಟು ಚಾ ಕುಡಿದರೆ ಹಾಗೇ. ಓಮದ ಕಷಾಯ ಮಾಡಿ ಕುಡಿ, ನಾಳೆಯೇ ಗೊತ್ತಾಗುತ್ತದೆ.

ಉಪ್ಪಳದ ಉದಯ
ಅತ್ತೆ, ಆ ಹೊಟ್ಟೆನೋವಿನ ಉಪಾಯ ಬೆಂಗಳೂರಿನಲ್ಲಿ ನಡೆದೀತು. ನಮ್ಮೂರಿನಲ್ಲಿ ಸುಳ್ಳಿನ ಆಯಸ್ಸು ಒಂದು ಗಂಟೆ. ನನ್ನ ಭಾವನೊಬ್ಬ ನಮ್ಮ ಮನೆ ಒಕ್ಕಲಿನ ದಿನ ಜ್ವರ ಎಂದು ಹೇಳಿದ. ನಮ್ಮ ಅಮ್ಮ ಸುಮ್ನೆ ಕೂರುವ ಜನ ಅಲ್ಲ. ಸಂಜೆ ಗಂಜಿ, ಉಪ್ಪಿನಕಾಯಿ ಕಟ್ಟಿಕೊಂಡು ಆಟೋ ಮಾಡಿ ನೋಡಲು ಹೋದರು. ಅವನು ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದ. ಅವನಿಗೂ ಇದೇ ಗಾಬರಿಯ ತೊಂದರೆ ಇತ್ತು ಎಂದು ನಮಗೆ ಗೊತ್ತಾದದ್ದು ಎರಡು ವರ್ಷ ಕಳೆದ ಮೇಲೆ. ಅಷ್ಟರೊಳಗೆ ‘ಅವನ ಜ್ವರ’ ಎನ್ನುವುದು ಮನೆಯಲ್ಲಿ ಗಾದೆಯೇ ಆಗಿತ್ತು. ನಿಜವಾಗಿ ಜ್ವರ ಬಂದಾಗಲೂ ಯಾರೂ ನಂಬಲಿಲ್ಲ ಪಾಪ.

ನೀರ್ಚಾಲಿನವರೇ, ಕರೆದವನ ಕಡೆಯಿಂದ ಒಂದು ಮಾತು. ಬೇಜಾರು ಮಾಡಬೇಡಿ. ನಿಮ್ಮ ಮೆಸೇಜ್ ಓದಿ ನನಗೂ ನೀವು ಬರುತ್ತೀರೋ ಇಲ್ಲವೋ ಗೊತ್ತಾಗಲಿಲ್ಲ. ‘ಸ್ವಲ್ಪ ಕಷ್ಟ ಆಗಬಹುದು’ ಎಂದರೆ ಎಂತ? ನಾನಾಗಿದ್ದರೆ ಒಂದು ಎಲೆ ಜಾಸ್ತಿ ಹಾಕಿ ಕಾಯುತ್ತಿದ್ದೆ. ನೀವು ಬಾರದ್ದಕ್ಕಿಂತ ಆ ಕೊಟ್ಟಿಗೆಯ ಸುದ್ದಿಯೇ ಇಲ್ಲದ್ದು ಅವರಿಗೆ ದೊಡ್ಡ ತಲೆಬಿಸಿ ಆಗಿರಬೇಕು. 1 ಗಂಟೆಗೆ ಊಟ, 11.30ಕ್ಕೆ ನಿಮ್ಮ ಮೆಸೇಜ್. ಬೇರೆ ತಿಂಡಿ ಮಾಡಿಸಲು ಸಮಯ ಇತ್ತು, ಆದರೆ ಮಾಡಿಸಬೇಕೋ ಬೇಡವೋ ಗೊತ್ತಿಲ್ಲ.

ಮುಳ್ಳೇರಿಯಾ ಅಣ್ಣ
ಮೆಸೇಜ್ ಹೇಗೆ ಬರೆಯುವುದು ಎಂಬ ಪ್ರಶ್ನೆಯೇ ತಪ್ಪು ಅಂತ ನನಗೆ ಕಾಣುವುದು. ಬರೆಯಲೇಬಾರದು. ಒಂದು ಸಲ ತಪ್ಪಿಸಿಕೊಂಡರೆ ಮುಂದಿನ ಸಲ ಇನ್ನೂ ಕಷ್ಟ. ಈ ಗಾಬರಿ ಏರುವುದು ಹತ್ತು ನಿಮಿಷ, ಆಮೇಲೆ ತಾನಾಗಿ ಇಳಿಯುತ್ತದೆ. ಕಣ್ಣು ಮುಚ್ಚಿ ಬಸ್ಸು ಹತ್ತಿದ್ದರೆ ಬಂದ್ಯೋಡಿಗೆ ಮುಟ್ಟುವಾಗ ಸರಿಯಾಗುತ್ತಿತ್ತು. ಇಲ್ಲದಿದ್ದರೆ ಪ್ರೊಪ್ರನೊಲಾಲ್ ಮಾತ್ರೆ ಉಂಟು. ನಮ್ಮ ಒಬ್ಬರು ಸ್ಟೇಜ್ ಹತ್ತುವ ಮೊದಲು ಒಂದು ನುಂಗುತ್ತಾರೆ, ಕೈ ನಡುಗುವುದಿಲ್ಲ.

ಹೊಸಂಗಡಿ ಗೇಟು
ಅಷ್ಟು ಕಷ್ಟ ಕೊಡುವ ಗೆಳೆತನ ಯಾಕೆ? ‘ಓಕೆ’ ಅಂತ ಒಂದು ಶಬ್ದ ಹಾಕುವವರಿಗೆ ನೀವು ಲೆಕ್ಕ ಕೊಡಬೇಕಾಗಿಲ್ಲ. ಗ್ರೂಪಿನಿಂದ ಹೊರಗೆ ಬನ್ನಿ, ಮನಸ್ಸು ಹಗುರ ಆಗುತ್ತದೆ.

ನೀರ್ಚಾಲು ಮಳೆ
ಅಯ್ಯೋ, ಗೆಳೆತನ ಬಿಡುವ ವಿಷಯ ಅಲ್ಲ! ಐದನೇ ಕ್ಲಾಸಿನಿಂದ ಒಟ್ಟಿಗೆ ಇದ್ದವರು ನಾವು. ಅವಳು ಒಳ್ಳೆಯವಳು. ನಾನು ಹೇಳಿದ ರೀತಿ ಸರಿಯಾಗಲಿಲ್ಲ ಎಂಬುದು ನನ್ನ ಸಂಕಟ.

ಗಡಿಕನ್ನಡತಿ
ನನ್ನ ಮನೆ ಪೆರ್ಲ, ಕೆಲಸ ಮಂಗಳೂರಿನಲ್ಲಿ, ಆಪ್ತಸಮಾಲೋಚಕಿ. ದಿನಾ ನೋಡುವ ವಿಷಯವಾದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮುಳ್ಳೇರಿಯಾ ಅಣ್ಣನಿಗೆ. ನೀವು ಹೇಳಿದ್ದರಲ್ಲಿ ಅರ್ಧ ಸರಿ. ‘ಬರುವುದಿಲ್ಲ’ ಎಂದು ಕಳಿಸಿದ ಕೂಡಲೇ ಎದೆ ಹಗುರವಾಗುತ್ತದಲ್ಲ, ಆ ಹಗುರವೇ ಮುಂದಿನ ಸಲದ ಬಲೆ. ‘ತಪ್ಪಿಸಿಕೊಂಡೆ, ಬದುಕಿದೆ’ ಎಂದು ದೇಹ ಕಲಿತುಬಿಡುತ್ತದೆ. ಗಾಬರಿ ಏರಿದ್ದು ಇಳಿಯುತ್ತದೆ ಎನ್ನುವುದೂ ಸರಿ. ಆದರೆ ಕಣ್ಣು ಮುಚ್ಚಿ ಬಸ್ಸು ಹತ್ತುವುದನ್ನು ಚಿಕ್ಕ ಚಿಕ್ಕ ಮೆಟ್ಟಿಲು ಮಾಡಿ, ಯಾರಾದರೂ ಜೊತೆಗಿದ್ದು, ಮೊದಲೇ ಅಭ್ಯಾಸ ಮಾಡಿಸುತ್ತೇವೆ. ಉರಿಯುವ ದಿನವೇ ನೀರಿಗೆ ಬಾವಿ ತೋಡಿ ಎಂದು ಹೇಳಿದರೆ ಆಗುವುದಿಲ್ಲ. ಮಾತ್ರೆಯ ವಿಷಯ ಮಾತ್ರ ದಯವಿಟ್ಟು ಹಿಂದೆ ತೆಗೆದುಕೊಳ್ಳಿ. ಅಸ್ತಮಾ ಇರುವವರು ಅದನ್ನು ನುಂಗಿದರೆ ಉಸಿರಿಗೇ ಅಪಾಯ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡುವ ವಸ್ತು ಅಲ್ಲ.

ಇನ್ನು ಮೆಸೇಜ್. ನೀರ್ಚಾಲಿನವರೇ, ನೀವು ಬರೆದದ್ದನ್ನು ಇನ್ನೊಮ್ಮೆ ಓದಿ. ಅವಳಿಗೆ ಬೇಕಾದ ಒಂದೇ ಸುದ್ದಿ ಕೊನೆಯ ಸಾಲಿನಲ್ಲಿದೆ, ಅದೂ ‘ಆಗಬಹುದು’ ಎಂದು. ಗಾಬರಿಯಲ್ಲಿ ಎಲ್ಲರೂ ಹೀಗೇ ಬರೆಯುತ್ತಾರೆ. ಮೊದಲು ಕ್ಷಮೆ, ಆಮೇಲೆ ಕಾರಣ, ಕಾರಣಕ್ಕೆ ಕಾರಣ, ಕೊನೆಗೆ ಹೆದರಿ ಹೆದರಿ ವಿಷಯ. ಅದನ್ನು ತಲೆಕೆಳಗು ಮಾಡಬೇಕು. ‘ಇವತ್ತು ಬರುವುದಿಲ್ಲ’ ಎಂಬುದು ಮೊದಲ ಸಾಲು. ಪರದೆಯ ಮೇಲೆ ನೋಟಿಫಿಕೇಶನ್‌ನಲ್ಲಿ ಕಾಣುವುದು ಅಷ್ಟೇ ಅಲ್ವಾ? ಅಡಿಗೆಮನೆಯಲ್ಲಿ ಒದ್ದೆ ಕೈಯಲ್ಲಿ ನಿಂತವಳಿಗೆ ಅಷ್ಟು ಸಾಕು.

ಕಾರಣ ಒಂದೇ ಸಾಲು. ಅದಕ್ಕೆ ನಾನು ಹೇಳುವ ಅಳತೆ ಹೀಗೆ: ಇವತ್ತು ಏನಾಗಿದೆ ಎಂಬುದನ್ನು ಹೇಳಿ, ಯಾಕೆ ಹೀಗಾಯಿತು ಎಂಬುದನ್ನು ಬಿಡಿ. ‘ಆಂಕ್ಸೈಟಿ ಜೋರಾಗಿದೆ, ಮುಂದೆ ಬರಲು ಆಗುತ್ತಿಲ್ಲ’ ಎಂಬುದು ಇವತ್ತಿನದ್ದು. ಆಫೀಸು, ಮಾತ್ರೆ, ನಿದ್ದೆ, ಅಮ್ಮ ಎಲ್ಲ ಹಿಂದಿನದ್ದು. ಅವು ಸುಳ್ಳಲ್ಲ, ಆದರೆ ಹುಟ್ಟುಹಬ್ಬದ ದಿನ 11.30ಕ್ಕೆ ಅವಳು ಏನು ಮಾಡಲಿ ಅವನ್ನು ಇಟ್ಟುಕೊಂಡು? ಇನ್ನೊಂದು, ಗಾಬರಿಯಲ್ಲಿ ಹೇಳಿಬಿಟ್ಟ ಮಾತಿಗೆ ಮರುದಿನ ನಾವೇ ನಾಚುತ್ತೇವೆ. ಆ ನಾಚಿಕೆಯಿಂದ ಮುಂದಿನ ಕರೆಯನ್ನೂ ತಪ್ಪಿಸಿಕೊಳ್ಳುತ್ತೇವೆ.

‘ನಾನು ಕೆಟ್ಟ ಫ್ರೆಂಡು, ಬೇಜಾರಾಯ್ತಾ?’ ಎಂಬುದು ನೋಡಲು ಕ್ಷಮೆಯ ಹಾಗಿದೆ. ನಿಜವಾಗಿ ಅದು ಕೇಳಿಕೆ. ‘ಇಲ್ಲ ಮಾರಾಯ್ತಿ, ನೀನು ಒಳ್ಳೆಯವಳು’ ಎಂದು ಅವಳು ಸಮಾಧಾನ ಹೇಳಬೇಕಾಗುತ್ತದೆ. ಅವಳ ಕೈಯಲ್ಲಿ ಮಗು, ಬಾಗಿಲಲ್ಲಿ ನೆಂಟರು. ಅದಕ್ಕೇ ‘ಓಕೆ’ ಬಂದದ್ದು ಇರಬಹುದು. ಅದು ಸಿಟ್ಟೇ ಆಗಬೇಕೆಂದಿಲ್ಲ. ಒಂದು ‘ಸಾರಿ’ ಸಾಕು, ಕೊನೆಗೆ.

ಉಪ್ಪಳದ ಉದಯ
ಕೊಟ್ಟಿಗೆ ಬಿಟ್ಟಿರಿ ಅಕ್ಕ!

ಗಡಿಕನ್ನಡತಿ
ಬಿಟ್ಟದ್ದಲ್ಲ, ಅದಕ್ಕೇ ಬರುತ್ತಿದ್ದೆ 😄 ನಮ್ಮ ತಲೆಯ ಮೇಲೆ ಒಂದು ಕೆಲಸ ಇದ್ದರೆ, ಅದು ಈಗ ಯಾರ ಕೈಗೆ ಹೋಯಿತು ಎಂದು ಹೇಳಲೇಬೇಕು. ದುಡ್ಡು, ಬೀಗದ ಕೈ, ತಿಂಡಿ, ಏನೇ ಇರಲಿ. ಕಾರಣ ಅರ್ಥವಾಗದವರಿಗೂ ಇದು ಅರ್ಥವಾಗುತ್ತದೆ.

ಉಪ್ಪಳದ ಉದಯ
ಹಾಗಾದರೆ ಶನಿವಾರದ ಲೆಕ್ಕ ನಾನು ಹೇಳುತ್ತೇನೆ. ಕುಂಬಳೆಯಲ್ಲಿ ತಲಪಾಡಿ ಬಸ್ಸಿನ ಕಂಡಕ್ಟರ್ ಹತ್ತಿರ ಪಾತ್ರೆ ಕೊಟ್ಟು ‘ಮಂಜೇಶ್ವರದಲ್ಲಿ ಜನ ಬರ್ತಾರೆ’ ಎಂದರೆ ಆಗುತ್ತಿತ್ತು. ನಮ್ಮ ಮನೆಗೆ ಮದ್ದು, ಮಲ್ಲಿಗೆ, ಟೆಲರ್ ಅಂಗಡಿಯ ಬಟ್ಟೆ ಎಲ್ಲ ಬರುವುದು ಹೀಗೇ. ಕಂಡಕ್ಟರ್ ಒಪ್ಪದಿದ್ದರೆ ಆಟೋದವರಿಗೆ ದುಡ್ಡು ಕೊಟ್ಟು ಕಳಿಸಬಹುದಿತ್ತು. ಬಸ್ಸಿನ ಹೆಸರು, ಪಾತ್ರೆ ಯಾವುದು ಎಂದು ಬರೆಯಬೇಕು. ಇಲ್ಲದಿದ್ದರೆ ಕೊಟ್ಟಿಗೆ ತಲಪಾಡಿ ಟೋಲ್‌ವರೆಗೆ ಹೋಗಿ ಬರುತ್ತದೆ.

ನೀರ್ಚಾಲು ಮಳೆ
ಇದು ನನಗೆ ಹೊಳೆಯಲೇ ಇಲ್ಲ. ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಎಲೆಯ ಬಿಸಿ ಬೈರಾಸಿನ ಮೂಲಕ ಕೈಗೆ ತಾಗುತ್ತಿತ್ತು. ನಿಜ ಹೇಳಬೇಕೆಂದರೆ ಆಗ ಸ್ವಲ್ಪ ಸಮಾಧಾನ ಅನಿಸಿದ್ದು ಅದೊಂದೇ.

ನನ್ನ ಇನ್ನೊಂದು ಕಷ್ಟ, ಶಬ್ದದ್ದು. ಅವಳಿಗೆ ‘ಆಂಕ್ಸೈಟಿ’ ಎಂದರೆ ಗೊತ್ತಾಗುತ್ತದೆ. ಅವಳ ಅತ್ತೆಗೆ ಗೊತ್ತಾಗುವುದಿಲ್ಲ. ಫೋನ್ ಹೆಚ್ಚಾಗಿ ಅತ್ತೆಯೇ ಓದಿ ಹೇಳುವುದು. ಕನ್ನಡದಲ್ಲಿ ಏನೆಂದು ಬರೆಯಲಿ?

ಬೇಳದ ಮಾಷ್ಟ್ರು
ನಮ್ಮಲ್ಲಿ ಒಳ್ಳೆಯ ಶಬ್ದ ಇದೆಯಲ್ಲ, ತಲೆಬಿಸಿ. ಎಲ್ಲರಿಗೂ ಅರ್ಥವಾಗುತ್ತದೆ. ‘ಇವತ್ತು ಸ್ವಲ್ಪ ತಲೆಬಿಸಿ, ಬರಲಾಗುವುದಿಲ್ಲ’ ಎಂದು ಬರೆಯಿರಿ. ಇಂಗ್ಲಿಷ್ ಯಾಕೆ?

ಉಪ್ಪಳದ ಉದಯ
ಮಾಷ್ಟ್ರೇ, ತಲೆಬಿಸಿ ಎಂದರೆ ಮರುಪ್ರಶ್ನೆ ಗ್ಯಾರಂಟಿ. ‘ಎಂತ ತಲೆಬಿಸಿ? ದುಡ್ಡಿನದ್ದಾ? ಜಾಗದ ತಕರಾರಾ?’ ನಮ್ಮಲ್ಲಿ ಅಡಕೆಗೆ ರೇಟು ಇಳಿದರೂ ತಲೆಬಿಸಿ, ಪಂಪು ಕೆಟ್ಟರೂ ತಲೆಬಿಸಿ. ಅಷ್ಟಕ್ಕೆ ಮಗುವಿನ ಹುಟ್ಟುಹಬ್ಬಕ್ಕೆ ಬರಲಿಲ್ಲವಾ ಎಂದು ಕೇಳುತ್ತಾರೆ.

ಗಡಿಕನ್ನಡತಿ
ಉದಯ ಹೇಳಿದ್ದು ನನ್ನ ಅನುಭವವೂ ಹೌದು. ಒಂದೊಂದು ಶಬ್ದಕ್ಕೆ ಒಂದೊಂದು ಉತ್ತರ ಬರುತ್ತದೆ. ‘ಮನಸ್ಸು ಸರಿ ಇಲ್ಲ’ ಎಂದರೆ ಯಾರೊಟ್ಟಿಗೋ ಜಗಳ ಆಗಿದೆ ಎಂದುಕೊಳ್ಳುತ್ತಾರೆ. ‘ಎದೆ ಡವಡವ’ ಎಂದು ಮಾತ್ರ ಬರೆದರೆ ಆಸ್ಪತ್ರೆಗೆ ಹೊರಡಿಸುತ್ತಾರೆ, ಅದೂ ತಪ್ಪಲ್ಲ ಪಾಪ. ‘ಹುಷಾರಿಲ್ಲ’ ಎಂಬುದು ಸುಳ್ಳಲ್ಲ, ದೂರದವರಿಗೆ ಅಷ್ಟೇ ಸಾಕು. ಅತ್ತೆಗೆ, ಗ್ರೂಪಿಗೆ ‘ದಾರಿಯಲ್ಲಿ ಹುಷಾರು ತಪ್ಪಿತು, ವಾಪಸ್ ಹೋದಳು’ ಎಂದು ಅವಳೇ ಹೇಳಲಿ. ಗೆಳತಿಗೆ ಆಂಕ್ಸೈಟಿ ಎಂದೇ ಬರೆಯಿರಿ, ಅಥವಾ ‘ಗಾಬರಿ ಜೋರಾಗಿದೆ’ ಎನ್ನಿ. ಯಾರಿಗೆ ಎಷ್ಟು ಎಂಬುದನ್ನು ಆ ಮೆಸೇಜಿನಲ್ಲೇ ಹೇಳಬಹುದು. ಇಲ್ಲದಿದ್ದರೆ ಬಡಿಸುವ ಹೊತ್ತಿಗೆ ಪಂಕ್ತಿಯಲ್ಲಿ ನಿಮ್ಮದೇ ಸುದ್ದಿ.

ಅದರ ಜೊತೆ ‘ಅಪಾಯ ಇಲ್ಲ’ ಎಂದೊಂದು ಮಾತು ಬೇಕು, ಫೋನ್ ಮಾಡಬೇಕೋ ಬೇಡವೋ ಎಂದೂ ಬೇಕು. ನೀವು ಎತ್ತದೆ ಇದ್ದದ್ದಕ್ಕೆ ಅವಳು ಎರಡು ಸಲ ಮಾಡಿದ್ದು. ಹೆದರಿಕೆ ಆಗಿರುತ್ತದೆ. ಎಲ್ಲ ಸೇರಿದರೆ ಹೀಗಾಗುತ್ತದೆ:

“ಇವತ್ತು ಬರುವುದಿಲ್ಲ. ಕುಂಬಳೆವರೆಗೆ ಬಂದೆ, ಆಂಕ್ಸೈಟಿ ಜೋರಾಗಿ ಮುಂದೆ ಬರ್ಲಿಕ್ಕೆ ಆಗ್ತಿಲ್ಲ. ಅಪಾಯ ಎಂತದೂ ಇಲ್ಲ, ಮನೆಗೆ ಹೋಗ್ತೇನೆ. ಕೊಟ್ಟಿಗೆ 11.20ರ ತಲಪಾಡಿ ಬಸ್ಸಿನ ಕಂಡಕ್ಟರ್ ಹತ್ತಿರ ಉಂಟು. ಸ್ಟೀಲ್ ಪಾತ್ರೆ, ಹಸಿರು ಬೈರಾಸು. ಸ್ಟಾಪಿಗೆ ಒಬ್ಬರನ್ನು ಕಳಿಸು. ಉಳಿದವರಿಗೆ ಹುಷಾರಿಲ್ಲ ಅಂತ ಹೇಳು, ಸಾಕು. ಈಗ ಮಾತಾಡ್ಲಿಕ್ಕೆ ಆಗುದಿಲ್ಲ, ರಾತ್ರಿ 8ಕ್ಕೆ ನಾನೇ ಫೋನ್ ಮಾಡ್ತೇನೆ. ಇವತ್ತೇ ಹೀಗಾಯ್ತು, ಸಾರಿ.”

ಕೈ ನಡುಗುವಾಗ ಇದನ್ನು ಕೂತು ಬರೆಯಲು ಆಗುವುದಿಲ್ಲ. ಸಮಾಧಾನ ಇರುವ ದಿನ ಮೊದಲ ಎರಡು ಮೂರು ಸಾಲು ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ಬರೆಯುವುದನ್ನು ವಾಟ್ಸಾಪಿನಲ್ಲಿ ಬೇಡ, ನೋಟ್ಸ್‌ನಲ್ಲಿ ಬರೆದು ಅಂಟಿಸಿ. ಆಗ 20 ನಿಮಿಷ ‘ಟೈಪ್ ಮಾಡುತ್ತಿದ್ದಾಳೆ’ ಎಂದು ಆಚೆಯವರಿಗೆ ಕಾಣುವುದಿಲ್ಲ. ಕಳಿಸಿ ಅಳಿಸುವುದಂತೂ ಬೇಡ. ಅಳಿಸಿದ ಗುರುತು ಉಳಿಯುತ್ತದೆ, ಏನಿತ್ತೋ ಎಂಬ ಯೋಚನೆ ಬೇರೆ. ಮತ್ತೆ, ರಾತ್ರಿ 8 ಎಂದು ಬರೆದರೆ 8ಕ್ಕೆ ಮಾಡಲೇಬೇಕು. ಆಗುವುದಿಲ್ಲ ಎಂದಾದರೆ ‘ನಾಳೆ’ ಎಂದು ಬರೆಯಿರಿ.

ಮುಳ್ಳೇರಿಯಾ ಅಣ್ಣ
ಮಾತ್ರೆಯ ಮಾತು ತಪ್ಪು, ಒಪ್ಪಿದೆ. ಅಸ್ತಮಾದ ವಿಷಯ ಗೊತ್ತಿರಲಿಲ್ಲ. ಆದರೆ ಮೆಸೇಜ್ ಇಷ್ಟು ಚಂದ ತಯಾರಾಗಿ ಫೋನಿನಲ್ಲಿ ಇದ್ದರೆ ತಪ್ಪಿಸಿಕೊಳ್ಳುವುದು ಇನ್ನೂ ಸುಲಭ ಅಲ್ವಾ? ಒಂದು ಒತ್ತು, ಮುಗಿಯಿತು. ಇದಕ್ಕೆ ಉತ್ತರ ಹೇಳಿ.

ಗಡಿಕನ್ನಡತಿ
ಒಳ್ಳೆಯ ಪ್ರಶ್ನೆ. ಅದಕ್ಕೇ ನಾನು ಎರಡು ಮೆಸೇಜ್ ಇಡಿಸುತ್ತೇನೆ. ಇನ್ನೊಂದು ಹೀಗೆ: “ಸ್ವಲ್ಪ ಗಾಬರಿ ಉಂಟು. ತಡ ಮಾಡಿ ಬರ್ತೇನೆ, ಅರ್ಧ ಗಂಟೆ ಕೂತು ಹೋಗ್ತೇನೆ, ಒತ್ತಾಯ ಮಾಡ್ಬೇಡ.” ಮೊದಲು ಇದನ್ನು ಕಳಿಸಲು ಆಗುತ್ತದಾ ನೋಡುವುದು. ಬಸ್‌ಸ್ಟ್ಯಾಂಡಿನಲ್ಲೇ ಹದಿನೈದು ಇಪ್ಪತ್ತು ನಿಮಿಷ ಕೂತು, ಇಳಿಯುತ್ತದಾ ನೋಡಿ, ಆಮೇಲೆ ತೀರ್ಮಾನ. ಆದರೆ ಕಾಯುವುದಕ್ಕೂ ಮಿತಿ ಉಂಟು. ಆಚೆ ಊಟಕ್ಕೆ ಎಲೆ ಹಾಕುವವರೆಗೆ ‘ನೋಡುತ್ತೇನೆ’ ಎಂದು ಎಳೆದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರವೂ ಇಲ್ಲ. ಕೆಲವರಿಗೆ ತಯಾರಿ ಮೆಸೇಜ್ ಇದೆ ಎಂಬ ಧೈರ್ಯದಿಂದಲೇ ಹೊರಡಲು ಆಗುತ್ತದೆ. ಕೆಲವರು ಅದನ್ನೇ ವಾರಕ್ಕೊಮ್ಮೆ ಕಳಿಸುತ್ತಾರೆ.

ಮೂರು ನಾಲ್ಕು ಕರೆ ಸಾಲಾಗಿ ತಪ್ಪಿದರೆ ಮೆಸೇಜ್ ತಿದ್ದಿ ಪ್ರಯೋಜನ ಇಲ್ಲ. ನೀರ್ಚಾಲಿನವರೇ, ಮಾತ್ರೆ ಬದಲಾಯಿಸಿದ ಮೇಲೆ ಜಾಸ್ತಿ ಆದದ್ದಾ? ಹಾಗಿದ್ದರೆ ಡಾಕ್ಟರಿಗೆ ಈ ವಾರವೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಮಾಡಬಹುದು. ಸರಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ಕನ್ನಡ, ಮಲಯಾಳ ಎರಡರಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಬೇಳದ ಮಾಷ್ಟ್ರು
ಒಂದು ಸಂಶಯ. ‘ಉಳಿದವರಿಗೆ ಹುಷಾರಿಲ್ಲ ಅಂತ ಹೇಳು’ ಎಂದರೆ ಆ ಹುಡುಗಿಯ ಕೈಯಲ್ಲಿ ನಮ್ಮ ಗುಟ್ಟು ಕೊಟ್ಟು ಕಾಯಲು ಹೇಳಿದ ಹಾಗಾಗಲಿಲ್ಲವೇ? ನಾನಾದರೆ ಎಲ್ಲರಿಗೂ ಒಂದೇ ಮಾತು ಬರೆಯುತ್ತಿದ್ದೆ.

ಉಪ್ಪಳದ ಉದಯ
ಗುಟ್ಟು ಅಲ್ಲ ಮಾಷ್ಟ್ರೇ, ಭಾರ ಕಮ್ಮಿ ಮಾಡಿದ್ದು. ಹದಿನೈದು ಜನ ಕೇಳಿದರೆ ಹದಿನೈದು ಸಲ ಅವರೇ ಉತ್ತರ ಕೊಡಬೇಕಲ್ಲ, ಏನು ಹೇಳಬೇಕು ಎಂದು ಗೊತ್ತಿದ್ದರೆ ಸುಲಭ.

ಬೇಳದ ಮಾಷ್ಟ್ರು
ಇರಬಹುದು. ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ.

ನೀರ್ಚಾಲು ಮಳೆ
ಮಾತ್ರೆ ಬದಲಾಯಿಸಿದ್ದು ಹತ್ತು ದಿನದ ಹಿಂದೆ. ಹೌದು, ಆಮೇಲೆಯೇ ಜಾಸ್ತಿ. ನಾಳೆ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಅವಳಿಗೆ ಇವತ್ತು ಇಷ್ಟು ಬರೆದೆ: “ಶನಿವಾರ ಕೊಟ್ಟಿಗೆಯ ಸುದ್ದಿ ಹೇಳದೆ ನಿನ್ನನ್ನು ಕಾಯಿಸಿದೆ, ಅದು ತಪ್ಪಾಯ್ತು. ಆವತ್ತು ಗಾಬರಿಯಲ್ಲಿ ಏನೇನೋ ಬರೆದೆ, ಅದಕ್ಕೆ ಉತ್ತರ ಬೇಡ.” ಹಳೆಯ ಮೆಸೇಜನ್ನು ಅಳಿಸಲಿಲ್ಲ.

ಎರಡು ಗಂಟೆ ಏನೂ ಬರಲಿಲ್ಲ. ಆಮೇಲೆ ಬಂತು: “ಅವಲಕ್ಕಿ ಮಾಡಿ ಸುಧಾರಿಸಿದೆ. ಸಿಟ್ಟು ಬಂದಿತ್ತು, ಹೌದು. ಮಗುವಿಗೆ ಶೀತ, ಈ ವಾರ ಬೇಡ. ಬರುವ ಬುಧವಾರ 4 ಗಂಟೆಗೆ ಬಾ, ನಾನೊಬ್ಬಳೇ ಇರುವುದು.” ಅರ್ಧ ಗಂಟೆಗೆ ಬರುತ್ತೇನೆ ಎಂದು ಹಾಕಿದ್ದೇನೆ. ಹೋಗುತ್ತೇನೋ ಇಲ್ಲವೋ, ಈಗ ಹೇಳಲಾರೆ. ಎರಡೂ ಮೆಸೇಜ್ ನೋಟ್ಸ್‌ನಲ್ಲಿ ಉಂಟು.

ಬದಿಯಡ್ಕದ ಅತ್ತೆ
ಆಯ್ತು ಮಗಾ, ಹೋಗಿ ಬಾ. ಆ ಕೊಟ್ಟಿಗೆ ಮಾಡುವವರು ನೀರ್ಚಾಲಿನಲ್ಲಿ ಎಲ್ಲಿ? ನಮಗೆ ಬರುವ ತಿಂಗಳು 60 ಬೇಕಿತ್ತು.